ಬಿಡಿ ಕ್ಯಾಮೆರಾದ ಮದುವೆ

ಸಂಡೂರಿನ ಲಾರಿ ಸಾವ್ಕಾರ ಬಸವಕುಮಾರ್ ಅವರ ಮಗಳ ಮದುವೆಯ ಫೋಟೋ ಕೆಲಸ ಒಪ್ಪಿಕೊಂಡು ಫೋನಿಟ್ಟ ಮೇಲೆಯೇ ಕೊಟ್ರಯ್ಯನಿಗೆ ಗೋಡೆಯ ಕ್ಯಾಲೆಂಡರ್ ನೆನಪಾದದ್ದು. ಮದುವೆಯ ಭಾನುವಾರದ ಚೌಕದೊಳಗೆ ಹೆಂಡತಿ ಗಂಗಾಂಬಿಕಾ ಮೂರು ತಿಂಗಳ ಹಿಂದೆಯೇ ‘ಬುಕ್ಕಸಾಗರ, ಕೆಂಚಣ್ಣ’ ಎಂದು ಬರೆದಿಟ್ಟಿದ್ದಳು. ಕೊಟ್ರಯ್ಯ ಅದನ್ನು ನೋಡಿದ, ತಲೆ ಕೆರೆದುಕೊಂಡ, ಮತ್ತೆ ನೋಡಿದ. ಎಷ್ಟು ಸಲ ನೋಡಿದರೂ ಕೆಂಚಣ್ಣ ಅಲ್ಲೇ ಇದ್ದ.

"ಗಂಗಾ, ಬುಕ್ಕಸಾಗರದವ್ರಿಗೆ ಒಂದು ಫೋನ್ ಹಚ್ಚು. ಅವರು ಬೌದ್ಧರು, ಮುಹೂರ್ತ ಗಿಹೂರ್ತ ಏನೂ ನೋಡಂಗಿಲ್ಲ. ಒಂದು ವಾರ ಮುಂದಕ್ಕ ಹಾಕ್ರಿ ಅಂದ್ರ ಹಾಕ್ತಾರ."

ಗಂಗಾಂಬಿಕಾಗೆ ಮೈ ಉರಿದುಹೋಯಿತು. "ಕಾರ್ಡ್ ಹಂಚ್ಯಾರ್ರೀ ಅವ್ರು. ಮುಹೂರ್ತ ನೋಡದೋರ ಮದುವಿ ಮದುವಿ ಅಲ್ಲೇನು? ಹೇಳೋದಿದ್ರ ನೀವ ಹೇಳ್ರಿ."

ಹೇಳುವ ಮುಖ ಅವನಿಗೂ ಇರಲಿಲ್ಲ. ಕೆಂಚಣ್ಣ ಮುಂಗಡ ಕೊಟ್ಟ ದಿನ ಹೊಸಪೇಟೆ ಬಸ್‌ಸ್ಟ್ಯಾಂಡಿನಿಂದ ನೇರ ಸ್ಟುಡಿಯೋಕ್ಕೆ ಬಂದು, ಚಪ್ಪಲಿ ಹೊರಗೇ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು ಹೇಳಿದ ಮಾತನ್ನು ಇಬ್ಬರೂ ಕೇಳಿಸಿಕೊಂಡಿದ್ದರು. "ನಮ್ಮ ಮನ್ಯಾಗ ಇಲ್ಲೀತನ ಒಂದೂ ಮದುವಿ ಫೋಟೋ ಇಲ್ರಿ. ನಂದೂ ಇಲ್ಲ, ನಮ್ಮಣ್ಣಂದೂ ಇಲ್ಲ. ನನ್ನ ಮಗಳು ಟೀಚರ್ ಆಗ್ಯಾಳ. ಇಕೀದು ಆಲ್ಬಮ್ ಆಗಬೇಕ್ರಿ, ದೊಡ್ಡ ಕ್ಯಾಮೆರಾದಾಗ." ಗದ್ದೆ ಕೂಲಿ ಮಾಡಿ ಮಗಳನ್ನು ಓದಿಸಿದ ಮನುಷ್ಯ. ಅವನ ಮುಂಗಡವನ್ನು ಕೊಟ್ರಯ್ಯ ಎರಡೂ ಕೈಯಲ್ಲಿ ತೆಗೆದುಕೊಂಡಿದ್ದ.

ಅದು ೨೦೦೮. ಹೊಸಪೇಟೆಯಲ್ಲಿ ದುಡ್ಡು ಅನ್ನುವುದು ಸಂಡೂರಿನ ಗುಡ್ಡದಿಂದ ಕೆಂಪು ಧೂಳಿನ ಜೊತೆಗೇ ಇಳಿದು ಬರುತ್ತಿತ್ತು. ನಿನ್ನೆ ಮೊನ್ನೆ ಸೈಕಲ್ಲಿನ ಮೇಲೆ ಓಡಾಡಿದವರು ಮದುವೆಗೆ ಊರಗಲ ಪೆಂಡಾಲ್ ಹಾಕುತ್ತಿದ್ದರು. ಅಂಥವರ ಒಂದು ಮದುವೆ ಕೈಗೆ ಸಿಕ್ಕರೆ ಮುಂದಿನ ಹತ್ತು ಮದುವೆ ಹುಡುಕಿಕೊಂಡು ಬರುತ್ತವೆ ಎಂದು ಕೊಟ್ರಯ್ಯ ಎರಡು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ. ಈಗ ಬಿಡುತ್ತಾನೆಯೇ? ಒಂದು ರಾತ್ರಿ ಹೊರಳಾಡಿ, ಬೆಳಿಗ್ಗೆ ಚಹಾ ಕುಡಿಯುತ್ತಾ ಪರಿಹಾರ ಹೇಳಿದ. "ಸಂಡೂರಿಗೆ ನಾ ಹೋಗ್ತೀನಿ. ಬುಕ್ಕಸಾಗರಕ್ಕ ನೀ ಹೋಗು."

ಗಂಗಾಂಬಿಕಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಎಂಟು ವರ್ಷ ಅವಳು ಆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದಿದ್ದಳು, ಆಲ್ಬಮ್ ಜೋಡಿಸಿದ್ದಳು, ಗಂಡನ ಬ್ಯಾಗ್ ಕಟ್ಟಿದ್ದಳು. ಮದುವೆಗೆ ಮಾತ್ರ ಅವಳನ್ನು ಯಾರೂ ಕರೆದಿರಲಿಲ್ಲ, ಅವನೂ ಕಳಿಸಿರಲಿಲ್ಲ. ಸಿಟ್ಟು ಇತ್ತು, ಅದರ ಕೆಳಗೆ ಹಿಡಿಸಲಾರದಷ್ಟು ಹಿಗ್ಗೂ ಇತ್ತು. "ಹೂಂ" ಅಂದಳು.

ಬ್ಯಾಗಿನ ಮುಚ್ಚಳದ ಒಳಗೆ ಅವಳೇ ಬರೆದು ಅಂಟಿಸಿದ ಪಟ್ಟಿ ಇತ್ತು. ಹಿಂದೊಮ್ಮೆ ಕಂಪ್ಲಿಯ ಮದುವೆಗೆ ಕೊಟ್ರಯ್ಯ ಚಾರ್ಜರ್ ಮರೆತು, ಮಧ್ಯಾಹ್ನಕ್ಕೇ ಬ್ಯಾಟರಿ ಸತ್ತು, ಬೀಗರ ಕೈಲಿ ಮಾನ ಹರಾಜು ಹಾಕಿಸಿಕೊಂಡು ಬಂದ ಮೇಲೆ ಬರೆದದ್ದು ಅದು. ಹೊರಡುವ ಮುಂಚೆ ಅವಳು ಒಂದೊಂದೇ ಓದುವುದು, ಅವನು ಮುಟ್ಟಿ ನೋಡಿ "ಐತಿ" ಅನ್ನುವುದು. ಕ್ಯಾಮೆರಾ ಎರಡು, ಒಂದು ಕೈಕೊಟ್ಟರೆ ಇನ್ನೊಂದು ಬಿಡಿ. ಸಂಡೂರಿನ ಕಡೆ ಹೋದಾಗ ಎರಡಕ್ಕೂ ಮನೆಯಲ್ಲೇ ಲೆನ್ಸ್ ಹಾಕಿಕೊಂಡು ಹೋಗಬೇಕು, ಧೂಳಲ್ಲಿ ಬಿಚ್ಚಿ ಬದಲಿಸಿದರೆ ಸೆನ್ಸರಿಗೆ ಧೂಳು ಕೂತು ಪ್ರತಿ ಫೋಟೋದಲ್ಲೂ ಅದೇ ಚುಕ್ಕೆ. ಬ್ಯಾಟರಿ ಕ್ಯಾಮೆರಾಕ್ಕೆ ಎರಡರಂತೆ, ತುಂಬಿದ್ದಕ್ಕೆ ರಬ್ಬರ್ ಬ್ಯಾಂಡ್. ಫ್ಲ್ಯಾಶಿಗೆ ಪೆನ್ಸಿಲ್ ಸೆಲ್ಲು, ನಾಲ್ಕು ಒಳಗೆ, ನಾಲ್ಕು ಹೊರಗೆ. ಮೆಮೊರಿ ಕಾರ್ಡುಗಳಿಗೆ ನಂಬರು. ಖಾಲಿ ಕಾರ್ಡ್ ಪೌಚಿನಲ್ಲಿ ಮುಖ ಮೇಲೆ, ತುಂಬಿದ್ದು ಮುಖ ಕೆಳಗೆ. ಲ್ಯಾಪ್‌ಟಾಪ್, ರೀಡರ್, ಹೊರಗಿನ ಹಾರ್ಡ್ ಡಿಸ್ಕ್. ಕೊನೆಯ ಸಾಲು ಕೆಂಪು ಶಾಯಿಯಲ್ಲಿ: ಎರಡು ಕಡೆ ನಕಲು ಆಗುವ ತನಕ ಕಾರ್ಡ್ ಅಳಿಸಬಾರದು.

ಒಂದು ಮದುವೆಗಾಗಿ ಬರೆದ ಪಟ್ಟಿಯನ್ನು ಈಗ ಎರಡು ಮದುವೆಗೆ ಹರಿಯಬೇಕಿತ್ತು. ಕೊಟ್ರಯ್ಯ ಹಂಚಿದ. ಹೊಸ ಕ್ಯಾಮೆರಾ ಸಂಡೂರಿಗೆ. ಹತ್ತಿರದ ಲೆನ್ಸು, ದೂರದ ಲೆನ್ಸು ಎರಡೂ ಸಂಡೂರಿಗೆ. "ಆ ಕಡೀ ಬದಲಸಬೇಕಂದ್ರ ಕಾರಿನೊಳಗ ಕುಂತು ಬದಲಸ್ತೀನಿ ಬಿಡು" ಅಂದ. ನಾಲ್ಕು ಜಿಬಿಯ ಮೂರು ಕಾರ್ಡು ಸಂಡೂರಿಗೆ. ಲ್ಯಾಪ್‌ಟಾಪ್, ಡಿಸ್ಕು ಅವೂ ಅಲ್ಲಿಗೇ. ಉಳಿದದ್ದು ಬುಕ್ಕಸಾಗರಕ್ಕೆ: ಹಳೆಯ ಬಿಡಿ ಕ್ಯಾಮೆರಾ, ಜೂಮ್ ಇಲ್ಲದ ಐವತ್ತರ ಲೆನ್ಸು ಒಂದೇ, ಅರ್ಧ ದಿನಕ್ಕೇ ಸುಸ್ತಾಗುವ ಬ್ಯಾಟರಿ ಎರಡು, ಎರಡು ಜಿಬಿಯ ಕಾರ್ಡು ಒಂದು.

ಗಂಗಾಂಬಿಕಾ ಬೇರೆ ಹಾಳೆಯ ಮೇಲೆ ತನ್ನ ಪಟ್ಟಿ ಬರೆದುಕೊಂಡಳು. ‘ಬಿಡಿ’ ಎನ್ನುವ ಸಾಲಿಗೆ ಬಂದಾಗ ಪೆನ್ನು ನಿಂತಿತು. "ನನ್ನ ಕಡೆ ಏನರ ಕೈಕೊಟ್ರ?"

"ಒಂದ ಮನಿ ಮದುವಿ, ಅರ್ಧ ದಿನದ ಕೆಲಸ. ಏನ್ ಕೈಕೊಡ್ತದ? ಅದಕ್ಕೆಲ್ಲ ಬಿಡಿ ಬ್ಯಾಡ." ಅಷ್ಟು ಹೇಳಿ ಅವನು ತನ್ನ ಹೊಸ ಶರ್ಟಿಗೆ ಇಸ್ತ್ರಿ ಹಾಕಲು ಹೋದ.

ಭಾನುವಾರ ಬೆಳಿಗ್ಗೆ ಬುಕ್ಕಸಾಗರದಲ್ಲಿ ಅವಳು ಬಸ್ಸಿಳಿದಾಗ ಕೆಂಚಣ್ಣನ ಹೆಂಡತಿ ದುರ್ಗಕ್ಕ ಓಡಿಬಂದು ಬ್ಯಾಗಿಗೆ ಕೈಹಾಕಿದಳು. "ಬರ್ರಿ ಅವ್ವಾರ. ಯಜಮಾನ್ರು ಬರಲಿಲ್ಲೇನ್ರಿ?"

"ಅವ್ರಿಗೆ ಬ್ಯಾರೆ ಕೆಲಸ ಬಂತು. ನಾನ ತಗೀತೀನಿ ದುರ್ಗಕ್ಕ."

ದುರ್ಗಕ್ಕ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. "ಚಲೋ ಆತು ಬಿಡ್ರಿ! ಹೆಣ್ಮಕ್ಕಳ ಹತ್ರ ನಮ್ಮ ಹುಡ್ಗಿ ನಾಚಂಗಿಲ್ಲ."

ಅಂಗಳ ಸಣ್ಣದು. ಐವತ್ತರ ಲೆನ್ಸಿಗೆ ಎಲ್ಲರನ್ನೂ ಹಿಡಿಯಲು ಗಂಗಾಂಬಿಕಾ ಹಿಂದೆ ಹಿಂದೆ ಸರಿದು ಕೊನೆಗೆ ದನದ ಗೋದಲಿಯ ಕಟ್ಟೆ ಹತ್ತಿ ನಿಂತಳು. ಬ್ಯಾಟರಿ ಉಳಿಯಲೆಂದು ಹಿಂದಿನ ಪರದೆ ಬಂದ್ ಮಾಡಿದಳು. ತೆಗೆದದ್ದು ಹೇಗೆ ಬಂತು ಎಂದು ನೋಡುವ ಹಾಗಿಲ್ಲ, ಕೈಯ ಮೇಲೆ ನಂಬಿಕೆ ಇಟ್ಟು ಒತ್ತುತ್ತಾ ಹೋಗುವುದೇ. ಗೋಡೆಗೆ ಒರಗಿಸಿದ ಬುದ್ಧನ ಪಟ, ಅಂಬೇಡ್ಕರರ ಪಟ, ಮುಂದೆ ಮೇಣದಬತ್ತಿ. ಮದುಮಗ ಪಂಪೇಶ್ ಕಂಪ್ಲಿಯವನು, ಬಿಳಿ ಅಂಗಿಯಲ್ಲಿ ಮೈಯೆಲ್ಲ ಬೆವರಿಕೊಂಡು ನಿಂತಿದ್ದ. ಮದುಮಗಳು ಸುಮಂಗಲಾ ಪ್ರತಿಜ್ಞೆಯ ಕಾಗದವನ್ನು ತಾನೇ ಕೈಗೆ ತೆಗೆದುಕೊಂಡು, ಶಾಲೆಯಲ್ಲಿ ಪಾಠ ಓದುವ ದನಿಯಲ್ಲಿ, ಒಂದಕ್ಷರ ತಡವರಿಸದೆ ಓದಿದಳು. ಆಗ ಗಂಗಾಂಬಿಕಾ ಯಾಕೋ ಕ್ಯಾಮೆರಾವನ್ನು ಅವಳಿಂದ ಸರಿಸಿ ಕಂಬದ ಕಡೆ ತಿರುಗಿಸಿದಳು. ಅಲ್ಲಿ ಕೆಂಚಣ್ಣ ಹೆಗಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು, ಅಳು ತಡೆಯಲಾಗದೆ, ಮಗಳನ್ನೇ ನೋಡುತ್ತಿದ್ದ. ಮುಂದೆ ಮಸುಕಾಗಿ ಮಗಳ ಕೈಯ ಕಾಗದ, ಹಿಂದೆ ಅಪ್ಪ. ಒತ್ತಿದಳು. ಒತ್ತಿದ ಬೆರಳಿಗೇ ಗೊತ್ತಾಯಿತು, ಸಿಕ್ಕಿತು ಎಂದು. ಎಂಟು ವರ್ಷದಲ್ಲಿ ಗಂಡ ತಂದ ಯಾವ ಆಲ್ಬಮ್ಮಿನಲ್ಲೂ ಅಂಥದ್ದೊಂದು ಅವಳು ಜೋಡಿಸಿರಲಿಲ್ಲ.

ಆರುನೂರ ನಲವತ್ತಕ್ಕೆ ಕಾರ್ಡ್ ತುಂಬಿತು. ಕೊನೆಯವು ಊಟದ ಪಂಕ್ತಿಯವು. ಕಾರ್ಡ್ ತೆಗೆದು ಪೌಚಿನಲ್ಲಿ ಮುಖ ಕೆಳಗೆ ಮಾಡಿ ಇಟ್ಟಳು, ತಾನೂ ಪಂಕ್ತಿಯಲ್ಲಿ ಕೂತು ಪಾಯಸ ಎರಡು ಸಲ ಹಾಕಿಸಿಕೊಂಡಳು. ಕೈ ತೊಳೆಯುವಷ್ಟರಲ್ಲಿ ಫೋನು.

"ಗಂಗಾ, ಜಲ್ದಿ ಬಾ. ಕಾರ್ಡ್ ಎಲ್ಲಾ ಮುಗಿಯಾಕ ಬಂದಾವ. ನಿನ್ನ ಕಾರ್ಡ್ ತಗೊಂಡ ಸಂಡೂರಿಗೆ ಬಾ."

"ಇದು ತುಂಬೇತ್ರಿ."

"ಬಾ ನೀನು, ಇಲ್ಲಿ ಲ್ಯಾಪ್‌ಟಾಪಿಗೆ ಇಳಿಸಿ ಖಾಲಿ ಮಾಡಾಣ."

ಹೊಸಪೇಟೆಗೊಂದು ಬಸ್ಸು, ಅಲ್ಲಿಂದ ಸಂಡೂರಿಗೊಂದು. ದಾರಿಯುದ್ದಕ್ಕೂ ಅದಿರು ಲಾರಿಗಳ ಸಾಲು, ಮೂವತ್ತು ಕಿಲೋಮೀಟರ್‌ಗೆ ಎರಡೂವರೆ ತಾಸು. ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿ ಮಡಿಲಲ್ಲಿ ಅವಚಿಕೊಂಡು ಕೂತಳು. ಕೂದಲು ಕೆಂಪಾಯಿತು, ಸೀರೆ ಕೆಂಪಾಯಿತು. ಆದರೂ ಅವಳಿಗೆ ನಗು ಬರುತ್ತಿತ್ತು. ಕೆಂಚಣ್ಣನ ಫೋಟೋವನ್ನು ಗಂಡನಿಗೆ ತೋರಿಸಿ, ಅವನು ಏನು ಹೇಳುತ್ತಾನೆ ನೋಡಬೇಕೆಂದು ಜೀವ ತುದಿಗಾಲಲ್ಲಿ ನಿಂತಿತ್ತು.

ಸಂಡೂರಿನ ಪೆಂಡಾಲ್ ಹೊಕ್ಕಾಗ ಸಂಜೆ ಆರು. ಕೊಟ್ರಯ್ಯನ ಇಸ್ತ್ರಿ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಆದದ್ದಿಷ್ಟು: ಮದುಮಕ್ಕಳ ಫೋಟೋವನ್ನು ಊರ ಬಾಗಿಲಿಗೆ ಹೋರ್ಡಿಂಗ್ ಮಾಡಿಸಬೇಕು ಎಂದು ಸಾವ್ಕಾರರು ಹೇಳಿದ್ದೇ ತಡ, ಇವನು ಕ್ಯಾಮೆರಾವನ್ನು ‘ರಾ’ಗೆ, ಅಂದರೆ ಎಷ್ಟು ದೊಡ್ಡದು ಮಾಡಿದರೂ ಕೆಡದ ದಪ್ಪ ಫೈಲಿಗೆ, ಹಾಕಿ ಎಲ್ಲವನ್ನೂ ಅದರಲ್ಲೇ ತೆಗೆದಿದ್ದ. ಹೂವಿನ ಕಮಾನೂ ರಾ, ಐಸ್‌ಕ್ರೀಮ್ ಕೌಂಟರೂ ರಾ. ಒಂದೊಂದು ಫೋಟೋ ಮೂರು ಫೋಟೋದ ಜಾಗ ನುಂಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕಿತ್ತು. ಸಾವ್ಕಾರರ ತಮ್ಮ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣಿಸಿದನೆಂದು ಇವನು ಹಲ್ಲುಗಿಂಜುತ್ತಾ ಉಂಡು ಎದ್ದಿದ್ದ, ಆಮೇಲೆ ಬಿಡುವೇ ಸಿಗಲಿಲ್ಲ.

"ತಾ, ಕಾರ್ಡ್ ತಾ. ಸಾವ್ಕಾರರು ಕರದ ದೊಡ್ಡ ಮನುಷಾರು ಹೊರಟಾರಂತ, ಐದ ನಿಮಿಷದಾಗ ಬರ್ತಾರ."

"ಲ್ಯಾಪ್‌ಟಾಪ್ ಎಲ್ಲೈತ್ರಿ? ಮೊದಲು ಇಳಿಸಾಣ."

"ಕಾರಿನಾಗೈತಿ, ಕಾರು ಊರಾಚೆ ನಿಲ್ಸೀವಿ. ಎಲ್ಲಿಂದ ಇಳಸ್ತೀಯ ಈಗ?"

"ಹಂಗಾದ್ರ ನಿಮ್ಮ ಕಾರ್ಡಿನಾಗ ಕಮಾನಿಂದು, ಐಸ್‌ಕ್ರೀಮಿಂದು ಅಳಿಸ್ರಿ. ಐವತ್ತು ಅಳಿಸಿದ್ರ ಜಾಗ ಆಗ್ತದ."

"ಇವ್ರದೊಂದೂ ಅಳಸಂಗಿಲ್ಲ. ನಾಳೆ ಕಮಾನೆಲ್ಲಿ ಅಂತ ಕೇಳಿದ್ರ ಏನ್ ಹೇಳ್ಲಿ?"

ವಿಡಿಯೋದವರನ್ನು ಕಾರ್ಡ್ ಕೇಳಿದರೆ ಅವರದು ಕ್ಯಾಸೆಟ್ಟು. ಹೊರಗೆ ಪಟಾಕಿ ಶುರುವಾಯಿತು. ಅವಳು ಪೌಚನ್ನು ಎದೆಗೆ ಹಿಡಿದು ನಿಂತಿದ್ದಳು. ಕೊಟ್ರಯ್ಯ ಅದನ್ನು ಕಿತ್ತುಕೊಂಡ. ಕಾರ್ಡ್ ಮುಖ ಕೆಳಗಾಗಿ ಇತ್ತು. ಅವನು ಅದನ್ನು ನೋಡಿದ. ನೋಡಿಯೇ ಹೊಸ ಕ್ಯಾಮೆರಾಕ್ಕೆ ಹಾಕಿದ.

"ಅದು ಕೆಂಚಣ್ಣನ ಮಗಳ ಮದುವಿ ರೀ!"

"ಗೊತ್ತೈತಿ."

ಕಾರ್ಡಿನಲ್ಲಿರುವ ಎಲ್ಲವೂ ಅಳಿಯುತ್ತದೆ, ಮುಂದುವರಿಯಲೇ ಎಂದು ಕ್ಯಾಮೆರಾ ಕೂಡ ಒಂದು ಸಲ ಕೇಳಿತು. ಅದಕ್ಕಿದ್ದ ವಿವೇಕ ಮನುಷ್ಯನಿಗಿರಲಿಲ್ಲ. ಬೆರಳು ಒತ್ತಿತು. ಮೂರು ಸೆಕೆಂಡು ಹಿಡಿಯಿತೋ ಇಲ್ಲವೋ. ಅವನು ರಾ ಬಂದ್ ಮಾಡಿ ಓಡಿದ.

ಗಂಗಾಂಬಿಕಾ ಅವನ ಹಿಂದೆಯೇ ಓಡಿ ತೋಳು ಹಿಡಿದಳು. "ಇನ್ನೂ ಏನೂ ಆಗಿಲ್ರಿ. ಅದರ ಮ್ಯಾಲ ಒಂದೂ ತಗೀಬ್ಯಾಡ್ರಿ. ಕಂಪ್ಯೂಟರಿನಾಗ ವಾಪಸ್ ತರಬಹುದು. ಮ್ಯಾಲ ಬರೆದ್ರ ಮಾತ್ರ ಹೋಗ್ತದ. ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಹೇಳಿದ್ದು ಖರೆ. ಅಳಿಸಿದ ಕಾರ್ಡು ತಕ್ಷಣ ಖಾಲಿಯಾಗುವುದಿಲ್ಲ, ಹೊಸ ಫೋಟೋ ಬಂದು ಕೂತಲ್ಲಿ ಮಾತ್ರ ಹಳೆಯದು ಸಾಯುತ್ತದೆ. ಅದು ಕೊಟ್ರಯ್ಯನಿಗೂ ಗೊತ್ತಿತ್ತು. ಅವನು ತೋಳು ಕೊಡವಿಕೊಂಡ. ದೊಡ್ಡ ಮನುಷ್ಯರು ಕಾರಿಳಿದರು. ಕೊಟ್ರಯ್ಯ ಒತ್ತತೊಡಗಿದ. ಕಾರಿಳಿಯುವಾಗ ಹನ್ನೆರಡು, ಹಾರ ಹಾಕುವಾಗ ಮೂವತ್ತು, ಸಾವ್ಕಾರರು ಬಗ್ಗುವಾಗ ಇಪ್ಪತ್ತು. ಒಂದೊಂದು ಮಿಂಚಿಗೂ ಬುಕ್ಕಸಾಗರದ ಒಂದಿಷ್ಟು ಮಂದಿ ಹೋಗುತ್ತಿದ್ದರು. ಅವಳು ಅಲ್ಲೇ ಒಂದು ಕುರ್ಚಿಯಲ್ಲಿ ಕುಸಿದು ಕೂತು ಎಣಿಸಿದಳು, ನೂರರ ಮೇಲೆ ಎಣಿಕೆ ತಪ್ಪಿತು. ಇಂಥವನ ಬ್ಯಾಗ್ ಎಂಟು ವರ್ಷ ಕಟ್ಟಿದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಹೊಸಪೇಟೆಯಲ್ಲಿ ಕಂಪ್ಯೂಟರ್ ಅಂಗಡಿಯ ಜಡೆಪ್ಪನ ಮುಂದೆ ಅವಳೇ ಕಾರ್ಡ್ ಇಟ್ಟಳು. ಅವನು ಸಾಫ್ಟ್‌ವೇರ್ ಹಾಕಿ, ಎರಡು ತಾಸು ಜಾಲಾಡಿಸಿ, ತಲೆಯಾಡಿಸಿದ. "ಇದರ ಮ್ಯಾಲ ಮುನ್ನೂರ ಮೂವತ್ತು ಫೋಟೋ ಕುಂತಾವಕ್ಕ. ಹೊಸ ಕ್ಯಾಮೆರಾದವು, ದಪ್ಪನವು. ಮೊದಲಿನಿಂದ ತಿಂತಾ ಬಂದಾವ. ಕೊನೀಗೆ ಇಷ್ಟ ಉಳದಾವ ನೋಡ್ರಿ."

ಹದಿನಾಲ್ಕು. ಎಲ್ಲವೂ ಊಟದ ಪಂಕ್ತಿಯವು. ಎಲೆಯ ಮೇಲೆ ಬಗ್ಗಿದ ತಲೆಗಳು, ಸಾರಿನ ಬಕೀಟು, ಪಾಯಸ ಬಡಿಸುವ ದುರ್ಗಕ್ಕನ ಬೆನ್ನು. ಮದುಮಕ್ಕಳಿಬ್ಬರೂ ಒಂದರಲ್ಲೂ ಇರಲಿಲ್ಲ. ಟವೆಲ್ ಕಚ್ಚಿದ ಕೆಂಚಣ್ಣನ ಜಾಗದಲ್ಲಿ ಯಾರ ಕೊರಳು, ಯಾರ ಹಾರ ಕೂತಿತ್ತೋ. ಆ ಫೋಟೋವನ್ನು ಜಗತ್ತಿನಲ್ಲಿ ಯಾರೂ ಒಂದು ಸಲವೂ ನೋಡಿರಲಿಲ್ಲ, ತೆಗೆದವಳೂ ನೋಡಿರಲಿಲ್ಲ.

ಕೊಟ್ರಯ್ಯ ಎರಡು ದಿನ ಹೆಂಡತಿಯ ಕಣ್ಣು ತಪ್ಪಿಸಿಕೊಂಡು ಓಡಾಡಿದ. ಮೂರನೆಯ ದಿನ ಧೈರ್ಯ ಬಂತು. "ಕಾರ್ಡ್ ಕೆಟ್ಟೋತು ಅಂತ ಹೇಳು. ಮಷೀನು, ಯಾರ ಕೈಯಾಗೈತಿ? ಮುಂಗಡ ವಾಪಸ್ ಕೊಡು. ಬೇಕಾದ್ರ ಇಬ್ರನ್ನೂ ಹಂಪಿಗೆ ಕರಕೊಂಡು ಹೋಗಿ ಪುಕ್ಕಟೆ ಒಂದು ಔಟ್‌ಡೋರ್ ತಗದ ಕೊಡ್ತೀನಿ, ಹೊಸ ಕ್ಯಾಮೆರಾದಾಗ. ಕಲ್ಲಿನ ಮಂಟಪ, ಹೊಳಿ ದಂಡಿ, ಮಸ್ತ್ ಬರ್ತದ. ಎಲ್ಲಾ ಮರೀತಾರ."

"ನೀವ ಬಂದು ಹೇಳ್ರಿ."

"ನಾ ಹೋದ್ರ ದೊಡ್ಡದಾಗ್ತದ. ನೀ ಹೆಂಗಸು, ನಿನಗ ಬೈಯಂಗಿಲ್ಲ."

ಅವಳು ಹದಿನಾಲ್ಕು ಪ್ರಿಂಟುಗಳನ್ನು ಲಕೋಟೆಗೆ ಹಾಕಿಕೊಂಡು ಬುಕ್ಕಸಾಗರದ ಬಸ್ಸು ಹತ್ತಿದಳು.

ಮನೆಯಲ್ಲಿ ದುರ್ಗಕ್ಕ, ಕೆಂಚಣ್ಣ ಇದ್ದರು. ಕಂಪ್ಲಿಯಿಂದ ತವರಿಗೆ ಬಂದಿದ್ದ ಸುಮಂಗಲಾ ಕೂಡ ಇದ್ದಳು. ಅವಳ ಕೈಲಿ ಆಗಲೇ ಆಲ್ಬಮ್ ಇಡಲೆಂದು ಹೊಲಿಸಿದ ಬಟ್ಟೆಯ ಚೀಲ ಇತ್ತು. ಚಾಪೆ ಹಾಸಿದರು, ಚಹಾ ಇಟ್ಟರು. ಗಂಗಾಂಬಿಕಾ ಗಂಡ ಕಲಿಸಿದ್ದನ್ನು ಹೇಳಿದಳು. ಕಾರ್ಡ್ ಕೆಟ್ಟುಹೋಯಿತು, ಇಷ್ಟೇ ಉಳಿದವು.

ಕೆಂಚಣ್ಣ ಪ್ರಿಂಟುಗಳನ್ನು ಒಂದೊಂದೇ ತಿರುಗಿಸಿ ನೋಡಿದ. "ನಮ್ಮ ಹುಡ್ಗಿ ಇಲ್ಲಲ್ರಿ ಇದ್ರಾಗ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮುಂಗಡದ ನೋಟುಗಳನ್ನು ಅವಳು ಮುಂದಿಟ್ಟಾಗ ದುರ್ಗಕ್ಕ ಅವನ್ನು ಅವಳ ಕೈಗೇ ವಾಪಸ್ ಮಡಚಿದಳು.

"ಇರಲಿ ಬಿಡ್ರಿ ಅವ್ವಾರ. ಬಿಸಿಲಾಗ ಗೋದಲಿ ಮ್ಯಾಲ ನಿಂತು ತಗದೀರಿ, ನಾ ನೋಡಿಲ್ಲೇನು? ಮಷೀನ್ ಕೆಟ್ರ ನೀವೇನ್ ಮಾಡ್ತೀರಿ. ನೀವು ಫೋಟೋ ತಗದ ಮೊದಲನೇ ಮದುವಿ ಇದು ಅಂತ ಆ ದಿನ ಸುಮಂಗಲಾಗ ಹೇಳಿದ್ರಂತಲ್ಲ. ನಿಮಗ ನಮಗಿಂತ ಹೆಚ್ಚು ಬ್ಯಾಸರ ಆಗಿರ್ತದ. ಅಳಬ್ಯಾಡ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಕರುಣೆಯಲ್ಲಿ ತನ್ನದಲ್ಲದ್ದನ್ನು ಕದ್ದು ತಿನ್ನುತ್ತಿರುವಂತೆ ಅನ್ನಿಸಿತು. ಎಲ್ಲ ಒಮ್ಮೆಲೇ ಬಾಯಿಂದ ಸುರಿಯಿತು.

"ಕೆಟ್ಟಿಲ್ಲ ದುರ್ಗಕ್ಕ. ಕಾರ್ಡ್ ಕೆಟ್ಟಿಲ್ಲ. ನಮ್ಮ ಯಜಮಾನ್ರು ಅಳಿಸಿದ್ರು. ಸಂಡೂರಿನ ಮದುವ್ಯಾಗ ಜಾಗ ಸಾಲಲಿಲ್ಲ. ನಿಮ್ಮದು ಅಂತ ಗೊತ್ತಿದ್ದೇ ಅಳಿಸಿದ್ರು. ಅವ್ರದು ಒಂದೂ ಅಳಿಸಲಿಲ್ಲ."

ಹೇಳಿದ ಕೂಡಲೇ ಎದೆ ಹಗುರವಾಯಿತು. ಹಗುರವಾದ ಎದೆಯಿಂದ ತಲೆಯೆತ್ತಿ ಅವರ ಮುಖ ನೋಡಿದಳು.

ಕೆಂಚಣ್ಣ ಕೈಲಿದ್ದ ಪ್ರಿಂಟುಗಳನ್ನು ಚಾಪೆಯ ಮೇಲಿಟ್ಟು, ಎದ್ದು, ಯಾರನ್ನೂ ನೋಡದೆ ಹಿತ್ತಲಿಗೆ ಹೋದ. ಸುಮಂಗಲಾ ಕೇಳಿದಳು, ಪ್ರತಿಜ್ಞೆ ಓದಿದ ಅದೇ ಸ್ಪಷ್ಟ ದನಿಯಲ್ಲಿ. "ನಮ್ಮ ಜಾಗದಾಗ ಏನ್ ಬಂದೈತ್ರಿ ಈಗ?"

"ಯಾರೋ ದೊಡ್ಡ ಮನುಷಾರು. ಹಾರ ಹಾಕಿಸ್ಕೊಳ್ಳೋದು."

ಸುಮಂಗಲಾ ತಲೆಯಾಡಿಸಿದಳು. ಗೊತ್ತಿದ್ದ ಉತ್ತರವನ್ನು ಮಕ್ಕಳ ಬಾಯಿಂದ ಕೇಳಿದ ಟೀಚರಿನ ಹಾಗೆ. ಪ್ರಿಂಟುಗಳನ್ನು ಒಟ್ಟುಮಾಡಿ, ಅಂಚು ಸರಿಪಡಿಸಿ, ಲಕೋಟೆಗೆ ಹಾಕಿ ಗಂಗಾಂಬಿಕಾಳ ಮುಂದೆ ಇಟ್ಟಳು. ದುರ್ಗಕ್ಕ ಈಗ ನೋಟುಗಳಿಗೆ ಕೈ ಚಾಚಿದಳು. ಗಂಗಾಂಬಿಕಾ ಕೊಟ್ಟಳು. ಅವಳು ಅದನ್ನು ಎಣಿಸದೆ ಸೆರಗಿಗೆ ಕಟ್ಟಿಕೊಂಡಳು.

"ಹೇಳಬಾರದಿತ್ರಿ ನೀವು" ಅಂದಳು ದುರ್ಗಕ್ಕ. "ಕೆಟ್ಟೈತಿ ಅಂದಿದ್ರಿ, ನಾವು ನಂಬಿದ್ವಿ, ನಾಕ ದಿನ ಬ್ಯಾಸರ ಮಾಡ್ಕೊಂಡು ಮರೀತಿದ್ವಿ. ಈಗ ನಮ್ಮ ಯಜಮಾನ್ರು ಸಾಯೋತನ ಮರಿಯಂಗಿಲ್ಲ. ನಿಮ್ಮ ಎದಿ ಹಗುರಾತು, ಹೌದಿಲ್ಲೋ? ಹೋಗ್ರಿ ಇನ್ನ. ಬಸ್ಸು ಬರೋ ಹೊತ್ತಾತು."

ಚಹಾ ಲೋಟಕ್ಕೆ ಇನ್ನೂ ಯಾರೂ ಬಾಯಿ ಹಚ್ಚಿರಲಿಲ್ಲ. ಗಂಗಾಂಬಿಕಾ ಲಕೋಟೆ ಎತ್ತಿಕೊಂಡು ಎದ್ದಳು. ಆ ದಿನ ಓಡಿಬಂದು ಬ್ಯಾಗಿಗೆ ಕೈಹಾಕಿದವಳು ಇವತ್ತು ಬಾಗಿಲ ತನಕವೂ ಬರಲಿಲ್ಲ.